ಸರಕ್ಕೆ ಆರು, ಜುಮುಕಿಗೆ ಹದಿನಾರು: ವೇಸ್ಟೇಜ್ ಲೆಕ್ಕ ಎಲ್ಲಿಂದ ಬರುತ್ತೆ?

ಪ್ರಶ್ನೆ: ಸರ್, ನಮ್ಮದು ಬೇಲೂರು. ಮಗಳ ಮದುವೆಗೆ ಅಂತ ಹಾಸನದ ಒಂದು ಸಣ್ಣ ಅಂಗಡಿಯಲ್ಲಿ ಒಡವೆ ನೋಡಿ ಬಂದೆವು. 20 ಗ್ರಾಂ ಸರಕ್ಕೆ 6% ವೇಸ್ಟೇಜ್ ಅಂದರು. 8 ಗ್ರಾಂ ಜುಮುಕಿಗೆ 16%. ಮೂಗುಬೊಟ್ಟಿಗೆ ಪರ್ಸೆಂಟೇ ಇಲ್ಲ, ಮಜೂರಿ 700 ರೂಪಾಯಿ ಅಂತ ಒಂದೇ ಮಾತು. ಎಲ್ಲಾ ಅದೇ ಚಿನ್ನ ಅಲ್ವಾ? ಜುಮುಕಿ ಮಾಡುವಾಗ ಅಷ್ಟೊಂದು ಚಿನ್ನ ನಿಜವಾಗ್ಲೂ ಹಾಳಾಗುತ್ತಾ? ಚೌಕಾಸಿ ಎಲ್ಲಿ ಮಾಡಬಹುದು? ಮನೆಯಲ್ಲಿರೋ ಹಳೇ ಬಳೆ ಕೊಟ್ಟು ಜುಮುಕಿ ಮಾಡಿಸಿದರೆ ವೇಸ್ಟೇಜ್ ಉಳಿಯುತ್ತಾ?

ಉತ್ತರ: ಇಲ್ಲ ಮೇಡಂ, ಅಷ್ಟು ಚಿನ್ನ ಹಾಳಾಗುವುದಿಲ್ಲ. ಚಿಕ್ಕಮಗಳೂರಿನಲ್ಲಿ ನನ್ನದೂ ಒಂದು ಸಣ್ಣ ಚಿನ್ನದ ಅಂಗಡಿ. ವ್ಯಾಪಾರದ ಈ ಕಡೆ ಕೂತವನಾಗಿಯೇ ಹೇಳುತ್ತೇನೆ. ಹಾಗಂತ ಅಂಗಡಿಯವರು ನಿಮಗೆ ಸುಳ್ಳು ಹೇಳಿದರು ಅಂತಲೂ ಅಲ್ಲ. ಬಿಲ್ಲಿನಲ್ಲಿ ವೇಸ್ಟೇಜ್ ಅಂತ ಬರೆಯುವ ಅಂಕಿಯೊಳಗೆ ಮೂರು ಬಾಬತ್ತು ಸೇರಿರುತ್ತವೆ. ನಿಜವಾಗಿ ಸವೆದು ಹೋದ ಚೂರು ಚಿನ್ನ, ಮಾಡಿದ ಆಚಾರರ ಕೂಲಿ, ಅಂಗಡಿಯವರ ಲಾಭ. ಮೂರನ್ನೂ ಚಿನ್ನದ ತೂಕದಲ್ಲೇ ಹೇಳುವುದು ಈ ಕಸುಬಿನ ಹಳೇ ರೂಢಿ.

ಮೊದಲು ಸವೆತದ್ದು ಹೇಳಿಬಿಡುತ್ತೇನೆ. ಜುಮುಕಿ ಮಾಡುವ ಆಚಾರರ ಎದುರು ಸ್ವಲ್ಪ ಹೊತ್ತು ಕೂತರೆ ಎಲ್ಲಾ ಕಣ್ಣಿಗೇ ಕಾಣುತ್ತೆ. ತೆಳ್ಳಗಿನ ತಗಡನ್ನು ದುಂಡಗೆ ಕತ್ತರಿಸಿ, ಅಚ್ಚಿನ ಗುಳಿಯಲ್ಲಿಟ್ಟು ತಟ್ಟಿ ಬುಟ್ಟಿಯ ಆಕಾರಕ್ಕೆ ತರುತ್ತಾರೆ. ಅಂಚಿಗೆ ತಂತಿ ಸುತ್ತುತ್ತಾರೆ. ಕೆಳಗೆ ತೂಗುವ ಗುಂಡುಗಳು ಸಾಸಿವೆಗಿಂತ ಒಂಚೂರು ದಪ್ಪ, ಒಂದೊಂದಕ್ಕೂ ಬೇರೆ ಕೊಂಡಿ. ಪ್ರತಿ ಕೂಡಿಕೆಗೂ ಬಿಳಿಗಾರ ಹಚ್ಚಿ, ಬೆಸುಗೆಯ ಚೂರಿಟ್ಟು, ಬೆಂಕಿ ಊದಬೇಕು. ಒಂದು ಕ್ಷಣ ಜಾಸ್ತಿ ಊದಿದರೆ ಗುಂಡೇ ಕರಗಿ ಕೂರುತ್ತೆ. ಆಮೇಲೆ ಉಬ್ಬಿದ ಬೆಸುಗೆಯನ್ನು ಅರದಲ್ಲಿ ಉಜ್ಜಿ ನಯ ಮಾಡಬೇಕು. ಪುಡಿ ಉದುರುವುದು ಹೆಚ್ಚಾಗಿ ಇಲ್ಲೇ.

ಆದರೆ ಆ ಪುಡಿ ಎಲ್ಲಿಗೂ ಹೋಗುವುದಿಲ್ಲ. ಕೆಲಸದ ಮಣೆಯ ಕೆಳಗೆ ತೊಡೆಗೆ ಅಡ್ಡಲಾಗಿ ಒಂದು ಡ್ರಾಯರೋ ಚರ್ಮದ ಹಾಸೋ ಇರುತ್ತೆ. ಅದರಲ್ಲಿ ಬಿದ್ದದ್ದನ್ನು ಬ್ರಶ್ಶಿನಲ್ಲಿ ಗುಡಿಸಿ, ಅರದ ಕಬ್ಬಿಣದ ಚೂರನ್ನು ಅಯಸ್ಕಾಂತದಿಂದ ತೆಗೆದು, ಮತ್ತೆ ಮೂಸೆಗೆ ಹಾಕುತ್ತಾರೆ. ಕೈ ತೊಳೆದ ನೀರನ್ನೂ ಡ್ರಮ್ಮಿನಲ್ಲಿ ಹಿಡಿದಿಡುವವರಿದ್ದಾರೆ. ನೆಲದ ಕಸ, ಒಲೆಯ ಬೂದಿ ಕೊಳ್ಳುವವರೇ ಬೇರೆ ಇದ್ದಾರೆ. ಅವರು ಅದನ್ನು ತೊಳೆದು, ಉರಿಸಿ, ಚಿನ್ನ ತೆಗೆಯುತ್ತಾರೆ. ಇಷ್ಟಾದ ಮೇಲೂ ಪಾಲಿಷಿನಲ್ಲಿ, ಕರಗಿಸುವಾಗ, ಕೂದಲೆಳೆಯಷ್ಟು ಅಲ್ಲಿ ಇಲ್ಲಿ ಹೋಗುವುದು ನಿಜ. ಅದು ತೀರಾ ಚೂರು. ಹದಿನಾರು ಪರ್ಸೆಂಟಿನ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ಉಳಿದದ್ದು? ಅದು ಗೊತ್ತಾಗಬೇಕಾದರೆ ನಾವು ಮಾಲು ತರುವಾಗ ಆಡುವ ಭಾಷೆ ಗೊತ್ತಿರಬೇಕು. ಹಾಸನ, ಚಿಕ್ಕಮಗಳೂರಿನ ಸಣ್ಣ ಅಂಗಡಿಯವರು ಪ್ರತಿಯೊಂದನ್ನೂ ತಾವೇ ಮಾಡಿಸುವುದಿಲ್ಲ. ಮಷಿನ್ ಸರ, ರೆಡಿ ಬಳೆ ಇಂಥವು ಬೆಂಗಳೂರಿನ ನಗರ್ತಪೇಟೆ ಕಡೆಯ ಹೋಲ್‌ಸೇಲ್‌ನವರಿಂದ ಬರುತ್ತವೆ. ಕೈಕೆಲಸದವು ಊರಿನ ಆಚಾರರಿಂದಲೋ, ಈಗ ಎಲ್ಲಾ ಕಡೆ ಇರುವ ಬಂಗಾಳದ ಕೆಲಸಗಾರರಿಂದಲೋ ಆಗುತ್ತವೆ. ಯಾರ ಹತ್ತಿರ ತಂದರೂ ಲೆಕ್ಕ ಟಚ್ಚಿನಲ್ಲಿ, ಅಂದರೆ ನೂರು ಗ್ರಾಂಗೆ ಎಷ್ಟು ಗ್ರಾಂ ಅಪರಂಜಿ ಅಂತ. 22 ಕ್ಯಾರೆಟ್ ಒಡವೆಯಲ್ಲಿ ನೂರಕ್ಕೆ 91.6 ಭಾಗ ಅಪರಂಜಿ ಇರಬೇಕು, 916 ಅನ್ನುವ ಮುದ್ರೆಯ ಅರ್ಥ ಅಷ್ಟೇ. ವ್ಯಾಪಾರದಲ್ಲಿ ಅದನ್ನು 92 ಅಂತ ಹಿಡಿಯುತ್ತೇವೆ. ಅದರ ಮೇಲೆ ಕೆಲಸಗಾರ ತನ್ನ ಪಾಲು ಹೇಳುತ್ತಾನೆ. "92 ಪ್ಲಸ್ ಎರಡೂವರೆ" ಅಂದರೆ 94.5 ಟಚ್. ನಾನು 100 ಗ್ರಾಂ ಸರ ತಗೊಂಡರೆ 94.5 ಗ್ರಾಂ ಅಪರಂಜಿ ಕೊಡಬೇಕು. ಆ ಎರಡೂವರೆಯಲ್ಲೇ ಅವನ ಸವೆತ, ಕೂಲಿ, ಲಾಭ ಎಲ್ಲಾ ಬಂತು.

ಈ ಪ್ಲಸ್ ಎಷ್ಟು ಅನ್ನುವುದು ಒಡವೆಯಿಂದ ಒಡವೆಗೆ ಬೇರೆ. ಮಷಿನ್ನಿನಲ್ಲಿ ಹೆಣೆದ ಸರಕ್ಕೆ ಎರಡು, ಎರಡೂವರೆ. ಕೈಯಲ್ಲಿ ಮಾಡಿದ ಜುಮುಕಿಗೆ ಎಂಟರವರೆಗೂ ಕೇಳುತ್ತಾರೆ. ಯಾಕೆ ಅಂದರೆ 20 ಗ್ರಾಂ ಸರವನ್ನು ಮಷಿನ್ ಹೆಣೆದು ಹಾಕುತ್ತೆ. 8 ಗ್ರಾಂ ಜುಮುಕಿಗೆ ಒಬ್ಬ ಮನುಷ್ಯ ದಿನಗಟ್ಟಲೆ ಕೂರಬೇಕು. ತೂಕ ಕಮ್ಮಿ, ಕೂಡಿಕೆ ಜಾಸ್ತಿ. ಅದೇ ಕೂಲಿ ಕಮ್ಮಿ ಗ್ರಾಂ ಮೇಲೆ ಬೀಳುತ್ತೆ, ಪರ್ಸೆಂಟ್ ಏರುತ್ತೆ. ಕಾಸಿನ ಸರವನ್ನೇ ನೋಡಿ. ಕಾಸು ಅಚ್ಚಿನಲ್ಲಿ ಬೀಳುತ್ತೆ, ಅದರದ್ದೇನೂ ಕಷ್ಟ ಇಲ್ಲ. ಆದರೆ ಒಂದೊಂದು ಕಾಸಿಗೂ ಹಿಂದೆ ಕೊಂಡಿ ಬೆಸೆಯಬೇಕು, ಅದಕ್ಕೇ ಅದು ಸರಕ್ಕೂ ಜುಮುಕಿಗೂ ನಡುವೆ ನಿಲ್ಲುತ್ತೆ. ದೇವರ ಮೂರ್ತಿ ಕೆತ್ತಿದ ನಕ್ಷೆ ಕೆಲಸದ ಹಾರ ಜುಮುಕಿಗಿಂತಲೂ ಮೇಲೆ ಹೋಗಬಹುದು.

ಈಗ ನಿಮ್ಮ ಎರಡು ಒಡವೆಯ ಲೆಕ್ಕವನ್ನೇ ಬಿಡಿಸೋಣ. ಸುಲಭ ಆಗಲಿ ಅಂತ 22 ಕ್ಯಾರೆಟ್ ಗ್ರಾಂಗೆ 10,000 ರೂಪಾಯಿ ಅಂತ ಹಿಡಿಯುತ್ತೇನೆ. ಆ ಲೆಕ್ಕದಲ್ಲಿ ಅಪರಂಜಿ ಗ್ರಾಂಗೆ ಸುಮಾರು 10,900 ಆಗುತ್ತೆ. ನೀವು ಅವತ್ತಿನ ರೇಟು ಹಾಕಿಕೊಳ್ಳಿ.

ಸರ 20 ಗ್ರಾಂ, 6% ಅಂದರೆ 1.2 ಗ್ರಾಂ. ಒಟ್ಟು 21.2 ಗ್ರಾಂ ದುಡ್ಡು, ಜಿಎಸ್‌ಟಿ ಬಿಟ್ಟು 2,12,000. ಅಂಗಡಿಯವರು ಆ ಸರವನ್ನು 94.5 ಟಚ್ಚಿಗೆ ತಂದಿದ್ದರೆ 18.9 ಗ್ರಾಂ ಅಪರಂಜಿ ಕೊಟ್ಟಿರುತ್ತಾರೆ. ಅದು 2,06,000. ಅವರ ಕೈಯಲ್ಲಿ ಉಳಿಯುವುದು ಆರು ಸಾವಿರ.

ಜುಮುಕಿ 8 ಗ್ರಾಂ, 16% ಅಂದರೆ 1.28 ಗ್ರಾಂ. ನೀವು ಕೊಡುವುದು 92,800. ಆಚಾರರು 92 ಪ್ಲಸ್ ಎಂಟು ಅಂದಿದ್ದರೆ ಟಚ್ ನೂರಾಯಿತು. ಅಂದರೆ 8 ಗ್ರಾಂ ಜುಮುಕಿಗೆ ಪೂರಾ 8 ಗ್ರಾಂ ಅಪರಂಜಿ, 87,200. ಉಳಿಯುವುದು 5,600.

ಇಲ್ಲಿಗೆ ನಿಲ್ಲಿಸಿದರೆ ಜುಮುಕಿಯಲ್ಲೇ ಲಾಭ ಜಾಸ್ತಿ ಅನ್ನಿಸುತ್ತೆ. ಕಮ್ಮಿ ಬಂಡವಾಳ, ಹೆಚ್ಚುಕಮ್ಮಿ ಅಷ್ಟೇ ದುಡ್ಡು. ಆದರೆ ಸಣ್ಣ ಅಂಗಡಿಯವನ ನಿದ್ದೆ ಕೆಡಿಸುವುದು ಇನ್ನೊಂದು ಬಾಬತ್ತು: ಒಡವೆ ಎಷ್ಟು ದಿನ ಪೆಟ್ಟಿಗೆಯಲ್ಲಿ ಕೂರುತ್ತೆ ಅನ್ನುವುದು. ಮಷಿನ್ ಸರ ಬಂದ ತಿಂಗಳೊಳಗೆ ಹೋಗುತ್ತೆ ಅಂತಿಟ್ಟುಕೊಳ್ಳಿ. ತಾಳಿ ಹಾಕಲಿಕ್ಕೆ ಎಲ್ಲರಿಗೂ ಬೇಕು, ಡಿಸೈನ್ ಬಗ್ಗೆ ಯಾರದ್ದೂ ಅಂಥ ಹಟ ಇರುವುದಿಲ್ಲ. ಜುಮುಕಿ ಹಾಗಲ್ಲ. ಹತ್ತು ಜೊತೆ ಇಟ್ಟರೆ ಬಂದವರು ಹನ್ನೊಂದನೆಯದನ್ನು ಕೇಳುತ್ತಾರೆ. ಐದು ತಿಂಗಳು ಕೂತರೆ ಆಶ್ಚರ್ಯ ಇಲ್ಲ. ಸಾಲದ ದುಡ್ಡಾದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಹಿಡಿಯಿರಿ. ಸರದ ಮೇಲೆ ಒಂದು ತಿಂಗಳಿಗೆ ಸುಮಾರು 2,000 ಹೋಗಿ 4,000 ಉಳಿಯಿತು. ಜುಮುಕಿಯ ಮೇಲೆ ಐದು ತಿಂಗಳಿಗೆ 4,360 ಹೋಗಿ ಉಳಿದದ್ದು 1,200 ಚಿಲ್ಲರೆ. ಇದರಲ್ಲೇ ಬಾಡಿಗೆ, ಕರೆಂಟು, ಹುಡುಗರ ಸಂಬಳ, ಆಮೇಲೆ ಕಿತ್ತು ಹೋದ ಗುಂಡನ್ನು ಬಿಟ್ಟಿ ಬೆಸೆದು ಕೊಡುವುದು. ಆರು ಪರ್ಸೆಂಟಿನ ಸರವೇ ಅಂಗಡಿ ನಡೆಸುವುದು, ಹದಿನಾರು ಪರ್ಸೆಂಟಿನ ಜುಮುಕಿ ಗಾಜಿನ ಪೆಟ್ಟಿಗೆ ತುಂಬಿಸುವುದು.

"ಐದು ತಿಂಗಳಲ್ಲಿ ಚಿನ್ನದ ರೇಟು ಏರಿತಲ್ಲ, ಅದು ಲಾಭ ಅಲ್ವಾ?" ಅಂತ ನನ್ನ ಅಂಗಡಿಗೆ ಬರುವ ಕಾಫಿ ಬೆಳೆಗಾರರು ಕೇಳುತ್ತಾರೆ. ಅವರಿಗೆ ಸ್ಟಾಕ್ ಇಟ್ಟು ರೇಟು ಕಾಯುವ ಅಭ್ಯಾಸ. ನಮ್ಮಲ್ಲಿ ಒಂದು ಮಾರಿದರೆ ಅದೇ ತೂಕದ್ದು ಮತ್ತೆ ತಂದಿಡಬೇಕು, ಅದೂ ಏರಿದ ರೇಟಿನಲ್ಲೇ. ಅಂಗಡಿ ಮುಚ್ಚುವವನಿಗೆ ಮಾತ್ರ ಆ ಲಾಭ ಕೈಗೆ ಸಿಗುತ್ತೆ.

ಇನ್ನು ಮೂಗುಬೊಟ್ಟು. ತೂಕ 0.4 ಗ್ರಾಂ ಇದ್ದರೆ ಚಿನ್ನದ ಬೆಲೆಯೇ 4,000. ಸರದ ಲೆಕ್ಕದಲ್ಲಿ 6% ಹಾಕಿದರೆ 240 ರೂಪಾಯಿ ಆಗುತ್ತೆ, ಅದು ಮಾಡಿದವನ ಕೂಲಿಗೇ ಸಾಲುವುದಿಲ್ಲ. ಸಣ್ಣ ಒಡವೆಗೆ ಪರ್ಸೆಂಟ್ ಅರ್ಥವೇ ಇಲ್ಲ, ಅದಕ್ಕೇ ಒಂದಕ್ಕೆ ಇಷ್ಟು ಅಂತ ಹೇಳುವುದು. 700 ಸರಿಯಾಗೇ ಇದೆ. 2 ಗ್ರಾಂಗಿಂತ ಕಮ್ಮಿ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ. ಹಾಗಾಗಿ ಮೂಗುಬೊಟ್ಟಿನಲ್ಲಿ ಮುದ್ರೆ ಕಾಣದಿದ್ದರೆ ಗಾಬರಿ ಬೇಡ.

ಚೌಕಾಸಿ ವಿಷಯಕ್ಕೆ ಬರೋಣ. ಮೇಲಿನ ಲೆಕ್ಕದಲ್ಲಿ ಕೆಲಸಗಾರನಿಗೆ ಹೋದ ಪಾಲು ಅಂಗಡಿಯವರ ಕೈಯಲ್ಲಿಲ್ಲ. ಅದು ಆಗಲೇ ಅಪರಂಜಿಯಲ್ಲಿ ತೀರಿಹೋಗಿದೆ. ಬಗ್ಗುವುದು ಅಂಗಡಿಯ ಪಾಲು ಮಾತ್ರ. ಸರದಲ್ಲಿ 6ನ್ನು 5ಕ್ಕೆ ಇಳಿಸಿ ಅಂದರೆ 2,000 ಬಿಟ್ಟ ಹಾಗೆ. ಮೂರೂ ಒಡವೆ ಅಲ್ಲೇ ತಗೊಳ್ಳುವುದಾದರೆ ಬಿಡುತ್ತಾರೆ, ಕೇಳಿ. ಜುಮುಕಿಯನ್ನು 16ರಿಂದ 14ಕ್ಕೆ ಇಳಿಸಿದರೆ 1,600. ತುಂಬಾ ದಿನ ಕೂತ ಜೊತೆಯಾದರೆ ಕೊಟ್ಟು ಕೈತೊಳೆದುಕೊಳ್ಳಲೂಬಹುದು. ದೊಡ್ಡ ಶೋರೂಮಿನವರು ಕೆಜಿಗಟ್ಟಲೆ ತಗೊಳ್ಳುವುದರಿಂದ ಅದೇ ಸರ ಅವರಿಗೆ 92 ಪ್ಲಸ್ ಒಂದೂವರೆಗೂ ಸಿಗಬಹುದು. ಆದರೆ ಅವರ ಬಾಡಿಗೆ, ಜಾಹೀರಾತು ಬೇರೆ ಥರ, ಉಳಿಸಿದ್ದು ಅಲ್ಲಿ ಹೋಗುತ್ತೆ.

ಕೈಕೆಲಸದ ಜುಮುಕಿ ಅಂತ ತೋರಿಸಿ, ನೀವು ಎದ್ದು ನಿಂತ ತಕ್ಷಣ ಯಾರಾದರೂ 16ನ್ನು 8 ಮಾಡಿದರೆ ಮಾತ್ರ ಕೂತು ನೋಡಿ. ನೂರು ಟಚ್ಚಿಗೆ ತಂದದ್ದನ್ನು 8ಕ್ಕೆ ಮಾರಿದರೆ ಅಂಗಡಿಗೇ ನಷ್ಟ. ಒಂದೋ ಅದು ಕೈಕೆಲಸದ್ದಲ್ಲ, ಎರಕದ್ದು. ಎರಕದ ಜುಮುಕಿಗೆ ಪ್ಲಸ್ ನಾಲ್ಕರ ಆಸುಪಾಸು ಇರುತ್ತೆ, 8ಕ್ಕೆ ಮಾರಿದರೂ ಅವರಿಗೆ ಕಷ್ಟ ಆಗುವುದಿಲ್ಲ. ಗುರುತು ಹಿಡಿಯುವುದು ಸುಲಭ. ಜುಮುಕಿಯನ್ನು ಮಗುಚಿ ಒಳಗೆ ನೋಡಿ. ಕೈಕೆಲಸದ್ದಾದರೆ ತಂತಿ ಬೇರೆ, ತಗಡು ಬೇರೆ, ನಡುವೆ ಬೆಸುಗೆಯ ಗೆರೆ ಕಾಣುತ್ತೆ, ಎಡ ಬಲದಲ್ಲಿ ಒಂಚೂರು ವ್ಯತ್ಯಾಸವೂ ಇರುತ್ತೆ. ಎರಕದ್ದಾದರೆ ಗುಂಡು, ಬಳ್ಳಿ ಎಲ್ಲಾ ಬುಟ್ಟಿಯಿಂದಲೇ ಎದ್ದ ಹಾಗೆ ಒಂದೇ ಮೈ, ಎರಡು ಕಿವಿಯದ್ದೂ ಪಡಿಯಚ್ಚು. ಕೈಗೆ ತೂಕವೂ ಜಾಸ್ತಿ ಅನ್ನಿಸುತ್ತೆ, ಯಾಕೆಂದರೆ ತಗಡಿನಷ್ಟು ತೆಳ್ಳಗೆ ಎರಕ ಬರುವುದಿಲ್ಲ. ಎರಕ ಕೆಟ್ಟದ್ದೇನಲ್ಲ, ಕೈಕೆಲಸದ ದುಡ್ಡು ಕೊಡಬೇಡಿ ಅಷ್ಟೇ.

ಇಲ್ಲವೇ ಬಿಟ್ಟ ದುಡ್ಡು ಕಲ್ಲಿನಲ್ಲಿ ವಾಪಸ್ ಬರುತ್ತೆ. ಮೋಸ ಆಗುವುದು ಜಾಸ್ತಿ ಇಲ್ಲಿಯೇ. ತಕ್ಕಡಿಯಲ್ಲಿ ಜುಮುಕಿ 8.6 ಗ್ರಾಂ ತೋರಿಸಿತು ಅಂತಿಟ್ಟುಕೊಳ್ಳಿ, ಅದರಲ್ಲಿ ಕೆಂಪು ಬಿಳಿ ಕಲ್ಲಿನದ್ದೇ 0.6. ಚಿನ್ನದ ರೇಟು ಹಾಕಬೇಕಾದದ್ದು 8ಕ್ಕೆ. ಕೆಲವರು ರೇಟನ್ನು 8ಕ್ಕೇ ಹಾಕಿ, ವೇಸ್ಟೇಜನ್ನು ಮಾತ್ರ 8.6ರ ಮೇಲೆ ಹಾಕುತ್ತಾರೆ. 16%ರಲ್ಲಿ ಅದು 960 ರೂಪಾಯಿ, ಕಣ್ಣಿಗೇ ಬೀಳುವುದಿಲ್ಲ. ಕಲ್ಲಿನ ತೂಕ ಕಳೆಯದೆ ಚಿನ್ನದ ರೇಟನ್ನೇ ಹಾಕಿದರೆ ಸಾಮಾನ್ಯ ಕಲ್ಲಿಗೆ ನೀವು 6,000 ಕೊಟ್ಟ ಹಾಗಾಯಿತು. ಟೊಳ್ಳು ಒಡವೆಯೊಳಗೆ ಅರಗು ತುಂಬಿದ್ದರೂ ಇದೇ ಕಥೆ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಖರ್ಚು ಬೇರೆ ಬೇರೆಯಾಗಿ ಬರೆಯಲೇಬೇಕು ಅಂತ ನಿಯಮ ಇದೆ. ಹಾಲ್‌ಮಾರ್ಕ್‌ಗೆ ಒಂದು ಒಡವೆಗೆ 45 ರೂಪಾಯಿ, ಜೊತೆಗೆ ತೆರಿಗೆ. ಅದರ ಹೆಸರಿನಲ್ಲಿ ನೂರಾರು ರೂಪಾಯಿ ಹಾಕಿದ್ದರೆ ಯಾಕೆ ಅಂತ ಕೇಳಿ. ಒಡವೆಯ ಮೇಲಿನ ಆರು ಅಕ್ಷರದ ಎಚ್‌ಯುಐಡಿ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧ ಅಂತ ಬರುತ್ತೆ. ಉಂಗುರದ ನಂಬರ್ ಜುಮುಕಿ ಮೇಲಿದ್ದರೆ ಅಲ್ಲೇ ಗೊತ್ತಾಗುತ್ತೆ.

ಎರಡು ಅಂಗಡಿ ಹೋಲಿಸುವಾಗ ಪರ್ಸೆಂಟ್ ಕೇಳಿಕೊಂಡು ಹೋಗಬೇಡಿ. ಒಬ್ಬರು ವೇಸ್ಟೇಜ್ 12% ಅಂತಾರೆ, ಇನ್ನೊಬ್ಬರು 8% ವೇಸ್ಟೇಜ್, ಮೇಲೆ ಗ್ರಾಂಗೆ 500 ಮಜೂರಿ ಅಂತಾರೆ. ಎರಡನೆಯದು ಕಮ್ಮಿ ಅನ್ನಿಸುತ್ತೆ, ನಿಜದಲ್ಲಿ ಅದು 13%. ನಾನು ನಮ್ಮ ಮನೆಯವರಿಗೂ ಹೇಳಿಕೊಡುವುದು ಒಂದೇ ದಾರಿ. ಜಿಎಸ್‌ಟಿ ಹಾಕುವ ಮುಂಚಿನ ಒಟ್ಟು ಮೊತ್ತದಿಂದ, ನಿವ್ವಳ ತೂಕಕ್ಕೆ ಅವತ್ತಿನ ರೇಟು ಹಾಕಿ ಬಂದದ್ದನ್ನು ಕಳೆಯಿರಿ. ಕಲ್ಲಿನ ದುಡ್ಡು, ಹಾಲ್‌ಮಾರ್ಕ್ ದುಡ್ಡನ್ನೂ ಕಳೆಯಿರಿ. ಉಳಿದದ್ದನ್ನು ಗ್ರಾಮಿನಿಂದ ಭಾಗಿಸಿ. ನಿಮ್ಮ ಸರಕ್ಕೆ ಗ್ರಾಂಗೆ 600 ಬರುತ್ತೆ, ಜುಮುಕಿಗೆ 1,600. ಈ ಅಂಕಿಯನ್ನು ಹಿಡಿದು ಮುಂದಿನ ಅಂಗಡಿಗೆ ಹೋದರೆ ಯಾವ ಹೆಸರಿನಲ್ಲಿ ಹಾಕಿದರೂ ಮುಚ್ಚಿಡಲು ಆಗುವುದಿಲ್ಲ. ಕಲ್ಲಿನ ಬೆಲೆ ಮಾತ್ರ ಬೇರೆ ಕೇಳಿ. ವೇಸ್ಟೇಜೇ ಇಲ್ಲ ಅನ್ನುವ ಕಡೆ ಅದು ಅಲ್ಲಿ ಅಡಗಿ ಕೂತಿರುತ್ತೆ.

ಒಂದು ಮಾತು ನಮ್ಮವರಿಗೇ ಇರುಸುಮುರುಸು ಆಗುವಂಥದ್ದು. 2018ರಲ್ಲಿ ಚಿನ್ನ ಗ್ರಾಂಗೆ ಸುಮಾರು 3,000 ಇದ್ದಾಗ ಇದೇ 8 ಗ್ರಾಂ ಜುಮುಕಿಯ 16% ಅಂದರೆ 3,840 ರೂಪಾಯಿ. 10,000ದ ರೇಟಿನಲ್ಲಿ 12,800. ಮಾಡುವ ಕೆಲಸ ಒಂದು ಉಜ್ಜಿನಷ್ಟೂ ಜಾಸ್ತಿ ಆಗಿಲ್ಲ. ಆಚಾರರಿಗೆ ಚಿನ್ನದಲ್ಲೇ ಕೊಡುವುದರಿಂದ ಅವರ ಪಾಲು ತಾನಾಗಿ ಏರಿದೆ, ಬಂಡವಾಳದ ಬಡ್ಡಿಯೂ ಏರಿದೆ, ಸರಿ. ಬಾಡಿಗೆ, ಸಂಬಳ ಮೂರು ಪಟ್ಟಿಗಿಂತ ಜಾಸ್ತಿ ಆಗಿಲ್ಲವಲ್ಲ. ಅದಕ್ಕೇ ನಾನು ಸರ, ಬಳೆಗೆ ಗ್ರಾಂಗೆ ಇಷ್ಟು ರೂಪಾಯಿ ಅಂತಲೇ ಹೇಳಲು ಶುರು ಮಾಡಿದ್ದೇನೆ. ಕೈಕೆಲಸದ್ದಕ್ಕೆ ಇನ್ನೂ ಪರ್ಸೆಂಟೇ, ಯಾಕೆಂದರೆ ಆಚಾರರು ಆ ಭಾಷೆ ಬಿಟ್ಟಿಲ್ಲ.

ಕೊನೆಗೆ ನಿಮ್ಮ ಹಳೇ ಬಳೆ. ಅದನ್ನು ಕೊಟ್ಟು ಜುಮುಕಿ ಮಾಡಿಸಿದರೆ ವೇಸ್ಟೇಜ್ ಪೂರಾ ಉಳಿಯುವುದಿಲ್ಲ, ಕಮ್ಮಿ ಆಗುತ್ತೆ. ಆಚಾರರ ಎಂಟು ಎಲ್ಲಿಗೂ ಹೋಗುವುದಿಲ್ಲ. ಅದು ಅಪರಂಜಿಯ ಲೆಕ್ಕ, 22 ಕ್ಯಾರೆಟ್‌ಗೆ ತಿರುಗಿಸಿದರೆ ಒಂಬತ್ತರ ಹತ್ತಿರ ಬರುತ್ತೆ. ಆದರೆ ಆರ್ಡರ್ ಒಡವೆ ಪೆಟ್ಟಿಗೆಯಲ್ಲಿ ಕೂರುವುದಿಲ್ಲ, ಐದು ತಿಂಗಳ ಬಡ್ಡಿ ಅಂಗಡಿಯವರಿಗೆ ಉಳಿಯಿತು. ಹಾಗಾಗಿ ಅವರದ್ದೊಂದು ಮೂರು ಸೇರಿಸಿ 12%ಗೆ ಒಪ್ಪಬೇಕು. ನನ್ನಲ್ಲಿ ಆರ್ಡರ್ ಕೊಟ್ಟವರಿಗೆ ನಾನು ಹಾಕುವುದೂ ಹೆಚ್ಚುಕಮ್ಮಿ ಅಷ್ಟೇ. ಪರ್ಸೆಂಟಿಗಿಂತ ಬಳೆಯ ಟಚ್ ಬಗ್ಗೆ ಜಾಸ್ತಿ ಗಮನ ಕೊಡಿ. ಹಾಲ್‌ಮಾರ್ಕ್ ಇಲ್ಲದ ಕಾಲದ ಬಳೆ, ಬೆಸುಗೆ ಜಾಸ್ತಿ ಇದ್ದರೆ 92 ಬರುವುದಿಲ್ಲ, 88 ಬಂದರೂ ಬಂತು. 20 ಗ್ರಾಂ ಬಳೆಯಲ್ಲಿ ಆ ನಾಲ್ಕು ಪಾಯಿಂಟಿಗೆ 0.8 ಗ್ರಾಂ ಅಪರಂಜಿ, ಹತ್ತಿರ ಹತ್ತಿರ 8,700 ರೂಪಾಯಿ. ವೇಸ್ಟೇಜಿನಲ್ಲಿ ನೀವು ಉಳಿಸುವುದು ಅದರ ಅರ್ಧಕ್ಕೂ ಬರುವುದಿಲ್ಲ. ಬಳೆಯನ್ನು ಮೊದಲು ನಿಮ್ಮೆದುರು ತೂಗಿಸಿ. ಕಲ್ಲು, ಅರಗು ಇದ್ದರೆ ತೆಗೆಸಿ ಮತ್ತೆ ತೂಗಿಸಿ. ಕರಗಿಸುವಾಗ ಅಲ್ಲೇ ನಿಂತಿರಿ, ಆ ಗಟ್ಟಿಯನ್ನು ಮಷಿನ್ನಿನಲ್ಲಿ ಟಚ್ ನೋಡಿಸಿ. ಬಳೆಯನ್ನು ಹಾಗೇ ಇಟ್ಟು ನೋಡಿದರೆ ಮಷಿನ್ ಮೇಲ್ಮೈಯದ್ದನ್ನು ಮಾತ್ರ ಹೇಳುತ್ತೆ, ಒಳಗಿನ ಬೆಸುಗೆ ಅದಕ್ಕೆ ಕಾಣುವುದಿಲ್ಲ. ಕರಗಿಸುವ ಮುಂಚಿನ ತೂಕ, ಆಮೇಲಿನ ತೂಕ, ಟಚ್, ಮೂರನ್ನೂ ಆರ್ಡರ್ ಚೀಟಿಯಲ್ಲಿ ಬರೆಸಿಕೊಳ್ಳಿ. ಕೈಕೆಲಸಕ್ಕೆ ಮೂರು ವಾರವಾದರೂ ಬೇಕು, ಲಗ್ನದ ಸೀಜನ್ನಿನಲ್ಲಿ ಇನ್ನೂ ಜಾಸ್ತಿ. ದಿನ ಗೊತ್ತಾಗಿದ್ದರೆ ಈಗಲೇ ಕೊಟ್ಟುಬಿಡಿ.